ಮೀಟರಿನಲ್ಲಿ ನೂರು, ಏರಿನಲ್ಲಿ ಸೊನ್ನೆ

ನಮ್ಮ ಮುರುಗಮಲ್ಲದಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗೆ ಚಾರ್ಜ್ ಕಮ್ಮಿ ಅಂತ ಯಾರೂ ದೂರುವುದಿಲ್ಲ. ಚಾರ್ಜ್ ತುಂಬಿಯೇ ಇರುತ್ತದೆ. ಗಾಡಿ ಮಾತ್ರ ಏರಿನ ನಡುವೆ ನಿಂತಿರುತ್ತದೆ.

ಸಮತಟ್ಟು ರಸ್ತೆಯಲ್ಲಿ ಅದರಂಥ ಗಾಡಿ ಇಲ್ಲ. ದರ್ಗಾಕ್ಕೆ ಬಂದ ಬಸ್ಸುಗಳ ಸಂದಿಯಲ್ಲಿ ಸದ್ದಿಲ್ಲದೆ ನುಸುಳುತ್ತದೆ. ಹಿಂದೆ ಹೆಂಡತಿ ಕೂತು, ಮುಂದೆ ಕೈಲಾಸಗಿರಿ ಕಡೆಯ ಏರು ಬಂತೋ, ಮುಗಿಯಿತು. ಜಾಹೀರಾತಿನಲ್ಲೂ ಗಂಡ-ಹೆಂಡತಿ ಕೂತಿದ್ದಾರೆ, ನಡುವೆ ಒಂದು ಮಗು ಬೇರೆ. ಅಲ್ಲಿ ಅದು ಸುಖೀ ಸಂಸಾರ. ಸರ್ವಿಸ್ ಸೆಂಟರಿನಲ್ಲಿ ಅದೇ ಓವರ್‌ಲೋಡ್.

ಅಲ್ಲಿನ ಪರೀಕ್ಷೆಯನ್ನು ನೋಡಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸುತ್ತಾರೆ. ಎಕ್ಸಲೇಟರ್ ತಿರುವುತ್ತಾರೆ. ಚಕ್ರ ಗಾಳಿಯಲ್ಲಿ ಗಿರ್ರೆನ್ನುತ್ತದೆ. "ನೋಡಿ ಸಾರ್, ಪಿಕಪ್ ಸೂಪರ್ ಆಗಿದೆ. ಬ್ಯಾಟರೀನೂ ಫುಲ್." ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಬ್ಯಾಟರಿಯಿಂದ ಏನು ಬೇಕು? ಒಂದೆರಡು ಆಂಪಿಯರ್. ಅಷ್ಟನ್ನು ಸಾಯುವ ಬ್ಯಾಟರಿಯೂ ಕೊಡುತ್ತದೆ.

ಗಾಡಿ, ಇಬ್ಬರು ಜನ, ಸೇರಿ 240 ಕಿಲೋ ಎನ್ನಿ. ಸಮತಟ್ಟಿನಲ್ಲಿ 35 ಕಿ.ಮೀ. ವೇಗಕ್ಕೆ 60 ವೋಲ್ಟಿನ ಬ್ಯಾಟರಿಯಿಂದ ಸುಮಾರು 12 ಆಂಪಿಯರ್ ಸಾಕು. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಬರೀ 20ರ ವೇಗಕ್ಕೇ 27 ಆಂಪಿಯರ್ ಬೇಕು. ಸ್ವಲ್ಪ ಜೋರು ಮಾಡಿದರೆ 30. ಬ್ಯಾಟರಿಯ ಯೋಗ್ಯತೆ ತಿಳಿಯುವುದು ಆಗಲೇ. ಆ ಹೊತ್ತಿಗೆ ಕಂಪನಿಯವರು ಯಾರೂ ಪಕ್ಕದಲ್ಲಿರುವುದಿಲ್ಲ.

ಕೊನೆಗೆ ಚಿಂತಾಮಣಿಯ ಒಬ್ಬ ಮೆಕ್ಯಾನಿಕ್ ಹುಡುಗ ನನ್ನ ಗಾಡಿಯ ಬ್ಯಾಟರಿ ಪೆಟ್ಟಿಗೆ ಬಿಚ್ಚಿದ. ಒಳಗೆ ಎಲ್‌ಎಫ್‌ಪಿ ಸೆಲ್‌ಗಳು, ಸಾಲಾಗಿ 20. ಚಾರ್ಜ್ ಆಗಿ ಸುಮ್ಮನೆ ಕೂತಾಗ ಎಲ್ಲವೂ 3.3 ವೋಲ್ಟ್. ಒಟ್ಟು 66. ಎಲ್ಲರೂ ಸಾಚಾಗಳೇ.

ಲೋಡ್ ಹಾಕಿ 30 ಆಂಪಿಯರ್ ಎಳೆದ. ಹತ್ತೊಂಬತ್ತು ಸೆಲ್ 3.2ಕ್ಕೆ ಇಳಿದು ನಿಂತವು. ಒಂದು ಸೆಲ್ ಮಾತ್ರ ಸರಕ್ಕನೆ 2.4ಕ್ಕೆ ಜಾರಿತು. "ಇವನೇ ಅಣ್ಣ ಕಳ್ಳ" ಎಂದ ಹುಡುಗ. ಒಳ್ಳೆಯ ಸೆಲ್‌ನ ಒಳಗಿನ ಪ್ರತಿರೋಧ 3 ಮಿಲಿಓಮ್ ಇದ್ದರೆ ಇವನದು 30. ಸಮತಟ್ಟಿನ 12 ಆಂಪಿಯರ್‌ಗೆ ಇವನು ಕಳೆದುಕೊಳ್ಳುವುದು 0.36 ವೋಲ್ಟ್, ಯಾರಿಗೂ ಗೊತ್ತಾಗದು. ಏರಿನ 30 ಆಂಪಿಯರ್‌ಗೆ 0.9 ವೋಲ್ಟ್. ಇಂಥ ಸೆಲ್ 2.5ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಇಡೀ ಬ್ಯಾಟರಿಯನ್ನೇ ಕಡಿದು ಹಾಕುತ್ತದೆ. ಹಾಕಲೇಬೇಕು. ಇಲ್ಲದಿದ್ದರೆ ಆ ಸೆಲ್ ಪೂರ್ತಿ ಕೆಡುತ್ತದೆ.

ಆ ಸೆಲ್ 2.4ಕ್ಕೆ ಜಾರಿದಾಗ ಒಟ್ಟು ವೋಲ್ಟೇಜ್ ಎಷ್ಟಿತ್ತು? 63.2. ಎಲ್ಲ ಸೆಲ್‌ಗಳೂ ಗಟ್ಟಿಯಾಗಿದ್ದಿದ್ದರೆ 64. ಒಂದು ವೋಲ್ಟಿನ ವ್ಯತ್ಯಾಸವೂ ಇಲ್ಲ. ನಮ್ಮ ಮೀಟರ್ ಓದುವುದು ಈ ಒಟ್ಟು ಲೆಕ್ಕವನ್ನೇ. ಫೇಲಾದ ಹುಡುಗನನ್ನು ತರಗತಿಯ ಸರಾಸರಿಯಲ್ಲಿ ಮುಚ್ಚಿಟ್ಟು ಎಸ್‌ಎಸ್‌ಎಲ್‌ಸಿ ಫಲಿತಾಂಶ ಉತ್ತಮ ಎನ್ನುವ ಹೆಡ್‌ಮಾಸ್ತರರ ಹಾಗೆ, ನೂರು ಅಂತ ತೋರಿಸುತ್ತದೆ. ಎಲ್‌ಎಫ್‌ಪಿ ಜಾತಿಯೇ ಅಂಥದು. ತೊಂಬತ್ತರಿಂದ ಇಪ್ಪತ್ತು ಪರ್ಸೆಂಟಿಗೆ ಇಳಿಯುವವರೆಗೂ ವೋಲ್ಟೇಜ್ ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತದೆ. ಅದನ್ನು ನೋಡಿ ಪರ್ಸೆಂಟ್ ಹೇಳುವುದು ಕಣಿ ಹೇಳಿದಷ್ಟೇ ಖಚಿತ.

ಸಿಟ್ಟು ಬರುವುದು ಇಲ್ಲಿ. ಬಿಎಂಎಸ್‌ಗೆ ಪ್ರತಿ ಸೆಲ್‌ನ ವೋಲ್ಟೇಜ್ ಗೊತ್ತು. ಗೊತ್ತಿರುವುದರಿಂದಲೇ ಕಡಿಯುತ್ತದೆ. ಅದೇ ಗಾಡಿಯ ಪರದೆ ನನಗೆ ಹಾಡಿನ ಹೆಸರು ತೋರಿಸುತ್ತದೆ, ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುತ್ತದೆ. ಯಾವ ಸೆಲ್ ಸಾಯುತ್ತಿದೆ ಎಂಬುದೊಂದನ್ನು ಹೇಳುವುದಿಲ್ಲ. 2022ರಲ್ಲಿ ಸ್ಕೂಟರ್‌ಗಳು ಹೊತ್ತಿ ಉರಿದ ಮೇಲೆ ಸರ್ಕಾರ ಎಐಎಸ್-156 ನಿಯಮ ಬಿಗಿ ಮಾಡಿತು. ಆ ಡಿಸೆಂಬರ್‌ನಲ್ಲಿ ಒಂದು ಹಂತ, 2023ರ ಮಾರ್ಚ್ ಕೊನೆಗೆ ಇನ್ನೊಂದು. ಸಂತೋಷ. ಬ್ಯಾಟರಿ ಸುಡಬಾರದು, ಸರಿ. ಸವಾರನಿಗೆ ಸತ್ಯ ಹೇಳಬಾರದು ಅಂತ ಯಾವ ನಿಯಮದಲ್ಲಿದೆ?

ಸೆಲ್ ಒಂದೇ ಅಪರಾಧಿಯಲ್ಲ. ಹುಡುಗ ಬ್ಯಾಟರಿಯ ಕನೆಕ್ಟರ್ ಕಳಚಿ ತೋರಿಸಿದ. ಹಳದಿ ಪ್ಲಾಸ್ಟಿಕ್ ಒಂದು ಕಡೆ ಕಂದಿ ಮೆತ್ತಗಾಗಿತ್ತು. ಒಳಗಿನ ಪಿನ್ ಕಪ್ಪು. ಸಡಿಲವಾದ ಪಿನ್ನಿನ ಪ್ರತಿರೋಧ 10 ಮಿಲಿಓಮ್ ಆದರೂ 12 ಆಂಪಿಯರ್‌ಗೆ ಹುಟ್ಟುವ ಬಿಸಿ ಒಂದೂವರೆ ವ್ಯಾಟ್. 30 ಆಂಪಿಯರ್‌ಗೆ ಒಂಬತ್ತು ವ್ಯಾಟ್. ಕರೆಂಟ್ ಎರಡೂವರೆ ಪಟ್ಟು, ಬಿಸಿ ಆರು ಪಟ್ಟು. ಬಿಸಿಯಾದ ಪಿನ್ ಇನ್ನಷ್ಟು ಸಡಿಲ, ಸಡಿಲವಾದದ್ದು ಇನ್ನಷ್ಟು ಬಿಸಿ. ಇದನ್ನು ಹಿಡಿಯಲು ವಿಜ್ಞಾನಿ ಬೇಕಿಲ್ಲ. ಏರು ಹತ್ತಿ ನಿಲ್ಲಿಸಿ, ಕೀ ತೆಗೆದು, ಕನೆಕ್ಟರ್‌ನ ಪ್ಲಾಸ್ಟಿಕ್ ಮುಟ್ಟಿ ನೋಡಿದರೆ ಸಾಕು. ವೈರಿಗಿಂತ ಅದು ಬಿಸಿಯಿದ್ದರೆ ಕಾಯಿಲೆ ಅಲ್ಲಿದೆ. ನನ್ನ ಸರ್ವಿಸ್ ಬಿಲ್ಲಿನಲ್ಲಿ ವಾಟರ್ ವಾಶ್ ಇದೆ, ಪಾಲಿಶ್ ಇದೆ. ಕನೆಕ್ಟರ್ ಇಲ್ಲ.

ಕಂಟ್ರೋಲರ್ ಇನ್ನೊಬ್ಬ ಮಹಾಶಯ. 60 ವೋಲ್ಟಿನ ಸಾಮಾನ್ಯ ಕಂಟ್ರೋಲರ್ ಸುಮಾರು 52 ವೋಲ್ಟಿಗೆ ಮೋಟರನ್ನು ನಿಲ್ಲಿಸುತ್ತದೆ. ಒಂದೇ ಸೆಲ್ ಕೆಟ್ಟರೆ ಒಟ್ಟು ಅಷ್ಟು ಇಳಿಯುವುದಿಲ್ಲ. ಇಡೀ ಬ್ಯಾಟರಿ ಮುದಿಯಾದರೆ ಇಳಿಯುತ್ತದೆ. ತಾನು ತುಂಬಾ ಬಿಸಿಯಾದರೂ ಕಂಟ್ರೋಲರ್ ಶಕ್ತಿ ಕಮ್ಮಿ ಮಾಡುತ್ತದೆ. ಯಾರು ಕೈಕೊಟ್ಟರು ಅಂತ ತಿಳಿಯಲು ಗಾಡಿ ನಿಂತ ಕ್ಷಣ ಏನೇನು ಆರಿತು ನೋಡಿ. ಲೈಟು, ಮೀಟರ್ ಎಲ್ಲ ಒಟ್ಟಿಗೆ ಸತ್ತು, ಸ್ವಲ್ಪ ಹೊತ್ತಿಗೆ ಕೀ ತಿರುವಿದರೆ ಏನೂ ಆಗಿಲ್ಲವೆಂಬಂತೆ ಎದ್ದರೆ ಬಹುತೇಕ ಬಿಎಂಎಸ್. ಲೈಟು ಉರಿಯುತ್ತಿದ್ದು ಎಕ್ಸಲೇಟರ್ ಮಾತ್ರ ಸತ್ತರೆ ಕಂಟ್ರೋಲರ್. ಜರ್ಕ್ ಹೊಡೆಯುತ್ತ ಸುಟ್ಟ ವಾಸನೆ ಬಂದರೆ ಕನೆಕ್ಟರ್. ಇಷ್ಟನ್ನು ಕೇಳಲು ಸರ್ವಿಸ್ ಸೆಂಟರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅವರ ಉತ್ತರ ಒಂದೇ: "ಏರಲ್ಲಿ ಇಕೋ ಮೋಡ್ ಹಾಕ್ಕೊಳಿ ಸಾರ್." ಹಾಕಿದರೆ ಕರೆಂಟ್ ಕಮ್ಮಿಯಾಗಿ, ಸೋತ ಸೆಲ್ ಬದುಕಿ, ಗಾಡಿ ತೆವಳುತ್ತ ಹತ್ತುತ್ತದೆ. ರೋಗ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅದನ್ನೇ ಔಷಧಿ ಎಂದು ಕೊಟ್ಟು ಕಳಿಸುತ್ತಾರೆ.

ಸೆಲ್ ಬದಲಿಸಿ ಎಂದು ವಾರಂಟಿ ಕಾಗದ ಹಿಡಿದು ಹೋದೆ. ಅದರಲ್ಲಿ ಬರೆದಿರುವುದು ಕೆಪಾಸಿಟಿಯ ಮಾತು. ಬ್ಯಾಟರಿಯನ್ನು ಮೆಲ್ಲಗೆ ಖಾಲಿ ಮಾಡಿ ಎಷ್ಟು ಬಂತು ಅಂತ ಅಳೆಯುತ್ತಾರೆ. ಮೆಲ್ಲಗೆ ಕೇಳಿದರೆ ಆ ಸೆಲ್ಲೂ ತನ್ನ ಪಾಲು ಕೊಡುತ್ತದೆ. ಪಾಸ್! ಮೇಲಾಗಿ ಹೊರಗಿನವರು ಪೆಟ್ಟಿಗೆ ಬಿಚ್ಚಿದ್ದಾರೆ, ಆದ್ದರಿಂದ ವಾರಂಟಿಯೇ ಇಲ್ಲ. ಬಿಚ್ಚದಿದ್ದರೆ ತಪ್ಪು ಗೊತ್ತಾಗುವುದಿಲ್ಲ, ಬಿಚ್ಚಿದರೆ ತಪ್ಪು ನನ್ನದು.

ಹಾಗಾದರೆ ಬನ್ನಿ ಸ್ವಾಮಿ, ನೀವೇ ಹಿಂದೆ ಕೂತುಕೊಳ್ಳಿ, ಏರಿಗೆ ಹೋಗಿ ನೋಡೋಣ ಎಂದೆ. ಟೆಸ್ಟ್ ರೈಡ್ ಶೋರೂಮಿನ ಮುಂದಿನ ರಸ್ತೆಯಲ್ಲಿ ಮಾತ್ರವಂತೆ. ಅದೂ ಒಬ್ಬರೇ.