ಜಾತಕ ಕೂಡಿಬರಲಿಲ್ಲ

ಹೊರಟು ನಿಂತಾಗಲೂ ‘ಬರ್ತೀನಿ’ ಅನ್ನುವ ಜನ ನಾವು. ನಮ್ಮ ಬಾಯಲ್ಲಿ ‘ಇಲ್ಲ’ ಹೊರಡುವುದು ಕಷ್ಟ. ಹಿರಿಯರು ಕಂಡುಹಿಡಿದ ಮರ್ಯಾದಸ್ಥ ‘ಇಲ್ಲ’ ಅಂದರೆ ಒಂದೇ, ‘ಜಾತಕ ಕೂಡಿಬರಲಿಲ್ಲ’. ಹುಡುಗನದೂ ತಪ್ಪಿಲ್ಲ, ಹುಡುಗಿಯದೂ ತಪ್ಪಿಲ್ಲ, ತಪ್ಪೆಲ್ಲ ಕುಜನದು.

ಪೀಣ್ಯದಲ್ಲಿ ಎರಡು ಲೇತು ಇಟ್ಟುಕೊಂಡು ಬದುಕುತ್ತಿರುವ ನನಗೆ ಈ ವಿದ್ಯೆ ತಡವಾಗಿ ಹತ್ತಿತು. ಅದಕ್ಕೆ ಕಾರಣ ಒಂದು ಕೊಳವೆ.

ಒಂದು ಕಂಪನಿಯಿಂದ ಎನ್‌ಕ್ವೈರಿ ಬಂತು. ಹೈಡ್ರಾಲಿಕ್ ಸಿಲಿಂಡರಿನ ಟ್ಯೂಬು, ಉದ್ದ 1800 ಮಿ.ಮೀ., ಒಳಬೋರು 63 ಮಿ.ಮೀ., ಒಳಮೈ ಹೋನಿಂಗ್ ಆಗಿ ಕನ್ನಡಿಯಂತಿರಬೇಕು, ಒಟ್ಟು 12. ಡ್ರಾಯಿಂಗ್ ನೋಡಿದ ನಮ್ಮ ಟರ್ನರ್ ಕನ್ನಡಕ ತೆಗೆದು, “ಸಾರ್, ಇದು ನಾವು ಇಳಿಯೋ ಬಾವಿ ಅಲ್ಲ” ಅಂದ.

ಅವನ ಲೆಕ್ಕ ಸರಳ. ಉಕ್ಕಿನ ಬೋರಿಂಗ್ ಬಾರು ತನ್ನ ದಪ್ಪದ ನಾಲ್ಕರಷ್ಟು ಚಾಚಿದರೆ ಸ್ಥಿರ, ಅದಕ್ಕಿಂತ ಹೆಚ್ಚು ಚಾಚಿದರೆ ನಡುಕ. ಚಿಪ್ಸ್ ಹೊರಬರಲು ಜಾಗ ಬಿಟ್ಟರೆ ಈ ಬೋರಿಗೆ ಹೋಗುವುದು 40 ಮಿ.ಮೀ. ಬಾರು. ಅಂದರೆ ಒಂದು ಕಡೆಯಿಂದ 160, ತಿರುಗಿಸಿ ಹಿಡಿದರೆ ಆ ಕಡೆಯಿಂದ 160. ನಡುವೆ ಉಳಿದ 1480 ಮಿ.ಮೀ. ದೇವರ ಪಾಲು. ಹಠ ಮಾಡಿ ಒಗ್ಗರಣೆ ಸೌಟಲ್ಲಿ ಬಾವಿ ಕೆಸರು ತೆಗೆಯಲು ಹೋದರೆ ಲೇತು ಕೀರಲು ಶುರುಮಾಡುತ್ತದೆ, ಒಳಮೈ ತುಂಬ ಅಲೆಅಲೆ ಗೆರೆ ಬೀಳುತ್ತದೆ. ಆ ಗೆರೆಗಳ ಮೇಲೆ ಓಡಾಡಿದ ರಬ್ಬರ್ ಸೀಲು ಹರಿದು ಎಣ್ಣೆ ಸೋರುತ್ತದೆ.

‘ಆಗಲ್ಲ’ ಅಂತ ಬರೆಯಲು ನನಗೆ ನಾಚಿಕೆ. ಮೂರು ಪಟ್ಟು ರೇಟು ಹಾಕಿ ಕಳಿಸಿದೆ. ದುಬಾರಿ ಅಂತ ಅವರೇ ಬಿಡುತ್ತಾರೆ, ನನ್ನ ಮಾನವೂ ಉಳಿಯುತ್ತದೆ ಅನ್ನುವುದು ನನ್ನ ಜಾಣತನ.

ವಾರ ಕಳೆದು ಪರ್ಚೇಸ್ ಆರ್ಡರ್ ಬಂತು. ಉಳಿದವರೆಲ್ಲ ಪ್ರಾಮಾಣಿಕವಾಗಿ ರಿಗ್ರೆಟ್ ಬರೆದಿದ್ದರಂತೆ. ಕೊಟೇಶನ್ ಅಂತ ಇದ್ದದ್ದು ನನ್ನದೊಂದೇ.

ಆಮೇಲೆ ಹೋನಿಂಗ್ ಮಾಡುವವರ ಬಾಗಿಲು ಕಾದೆ. ಅವರ ರೇಟು, ಟೆಂಪೋ ಬಾಡಿಗೆ, ರಿಜೆಕ್ಟ್ ಆದ ಎರಡು ಟ್ಯೂಬು, ತಡವಾದ ಪ್ರತಿ ವಾರಕ್ಕೆ ಕಡಿತ. ಮೂರು ಪಟ್ಟಿನಲ್ಲಿ ಎರಡೂಮುಕ್ಕಾಲು ಅಲ್ಲೇ ಕರಗಿತು. ಉಳಿದ ಕಾಲು ಪಟ್ಟು ನಮ್ಮದೇ ಟರ್ನರಿನ ಸಂಬಳಕ್ಕೂ ಸಾಲಲಿಲ್ಲ.

ಕೊನೆಯ ಟ್ಯೂಬು ಇಳಿಸಿದ ದಿನ ಅಲ್ಲಿನ ಪರ್ಚೇಸ್ ಆಫೀಸರ್ ಕಾಫಿ ಕೊಟ್ಟು, “ಸಾರ್, ಆಗಲ್ಲ ಅಂತ ಎರಡನೇ ದಿನವೇ ಬರೆದಿದ್ರೆ ನಾನು ಬೇರೆಯವರನ್ನ ಹುಡುಕ್ತಿದ್ದೆ. ರಿಗ್ರೆಟ್ ಬಂದ್ರೆ ಅದನ್ನೂ ಫೈಲಿಗೆ ಹಾಕ್ತೀನಿ, ಕೇಳಿದ್ದಕ್ಕೆ ಸಾಕ್ಷಿ ಆಗುತ್ತೆ. ಉತ್ತರವೇ ಕೊಡದವರನ್ನ ಮಾತ್ರ ಲಿಸ್ಟಿಂದ ತೆಗೀತೀವಿ” ಅಂದರು.

ಮುಂದಿನ ಸಲ ಅಂಥದ್ದೇ ಉದ್ದದ ಟ್ಯೂಬಿನ ಎನ್‌ಕ್ವೈರಿ ಬಂದಾಗ ರಿಗ್ರೆಟ್ ಬರೆಯಲು ಕೂತೆ. ಮೊದಲ ಕರಡಿನಲ್ಲಿ ಕರೆಂಟಿನ ಕಾಟ, ಕೆಲಸಗಾರರ ಕೊರತೆ, ಅಮ್ಮನ ಮಂಡಿನೋವು ಎಲ್ಲ ಬಂದವು. ಹೆಂಡತಿ ಓದಿ, “ರೀ, ಇದು ರಜಾ ಅರ್ಜಿನಾ?” ಅಂದಳು. ಎರಡನೇ ಕರಡಿನಲ್ಲಿ ‘ಸದ್ಯಕ್ಕೆ ಸಾಧ್ಯವಿಲ್ಲ’ ಅಂತಿತ್ತು. ಟರ್ನರ್ ಆ ‘ಸದ್ಯಕ್ಕೆ’ ಹೊಡೆದುಹಾಕಿಸಿದ. “ಅದಿದ್ರೆ ಮುಂದಿನ ತಿಂಗಳು ಮತ್ತೆ ಕೇಳ್ತಾರೆ ಸಾರ್. ಆ ತಿಂಗಳು ಟ್ಯೂಬು ಗಿಡ್ಡ ಆಗುತ್ತಾ?”

ಹೋದದ್ದು ಇಷ್ಟು:

“ಮಾನ್ಯರೇ, ನಿಮ್ಮ ಎನ್‌ಕ್ವೈರಿಗೆ ಧನ್ಯವಾದ. ಡ್ರಾಯಿಂಗ್ ನೋಡಿದೆವು. 1800 ಮಿ.ಮೀ. ಟ್ಯೂಬಿಗೆ ಬೇಕಾದ ಹೋನಿಂಗ್ ಮೆಷೀನು ನಮ್ಮಲ್ಲಿಲ್ಲ. ಆದ್ದರಿಂದ ಕೊಟೇಶನ್ ಕೊಡುತ್ತಿಲ್ಲ. ಡ್ರಾಯಿಂಗ್ ಯಾರಿಗೂ ತೋರಿಸಿಲ್ಲ, ನಮ್ಮ ಪ್ರತಿಯನ್ನು ಅಳಿಸಿದ್ದೇವೆ. 150 ಮಿ.ಮೀ. ಉದ್ದದೊಳಗಿನ ಬುಷ್, ಪಿಸ್ಟನ್ ಇದ್ದರೆ ದಯವಿಟ್ಟು ಕಳಿಸಿ.”

ಕೊನೆಯ ಸಾಲೇ ಜಾತಕಕ್ಕೂ ರಿಗ್ರೆಟ್ಟಿಗೂ ಇರುವ ವ್ಯತ್ಯಾಸ. ‘ಜಾತಕ ಕೂಡಿಬರಲಿಲ್ಲ’ ಅಂದರೆ ಬ್ರೋಕರಿಗೆ ಮುಂದೆ ಎಂಥ ಸಂಬಂಧ ತರಬೇಕು ಅಂತ ಗೊತ್ತಾಗುವುದಿಲ್ಲ. 150 ಮಿ.ಮೀ. ಅಂದರೆ ಗೊತ್ತಾಗುತ್ತದೆ. ತಿಂಗಳೊಳಗೆ ಅಲ್ಲಿಂದಲೇ 90 ಮಿ.ಮೀ. ಬುಷ್ಷಿನ ಎನ್‌ಕ್ವೈರಿ ಬಂತು.

ಗೆಲುವಿನ ಅಮಲಿನಲ್ಲಿ ಈ ನಮೂನೆಯನ್ನು ಮನೆಗೂ ತಂದೆ. ತನ್ನ ಮಗನ ಮದುವೆಯ ಅಡುಗೆ ಉಸ್ತುವಾರಿ ವಹಿಸಿಕೊಳ್ಳಲು ಅಣ್ಣ ಹೇಳಿದಾಗ ತಕ್ಷಣ ಉತ್ತರಿಸಿದೆ: “ಅಣ್ಣ, ಕೇಳಿದ್ದಕ್ಕೆ ಸಂತೋಷ. 600 ಎಲೆಯ ಅನುಭವ ನನಗಿಲ್ಲ. ಮಾವಿನ ತೋರಣ ಕಟ್ಟುವುದಿದ್ದರೆ ನಾಲ್ಕು ಬಾಗಿಲವರೆಗೆ ನನ್ನ ಕೈಲಾಗುತ್ತೆ.”

ಐದು ನಿಮಿಷದಲ್ಲಿ ಆರ್ಡರ್ ಬಂತು: “ಛತ್ರಕ್ಕೆ ಹನ್ನೊಂದು ಬಾಗಿಲು. ಬೆಳಗ್ಗೆ ಐದಕ್ಕೆ ಏಣಿ ತಗೊಂಡು ಬಾ. ಸೊಟ್ಟಗಿದ್ರೆ ಬಿಚ್ಚಿಸ್ತೀನಿ.”