ಬಂಧು-ಪಠ್ಯ ಮೀಮಾಂಸೆ: ಒಂದು ಅಪೂರ್ಣ ಅನುಸಂಧಾನ

ಲಲಿತ ಪ್ರಬಂಧವೆಂಬ ಸಂಕಥನದಲ್ಲಿ ಬಂಧುವೆಂಬ ಅನ್ಯವು ಪಠ್ಯವಾಗಿ ರೂಪಾಂತರಗೊಳ್ಳುವ ಪ್ರಕ್ರಿಯೆಯನ್ನು ದೇಸಿ ಪರಿಪ್ರೇಕ್ಷ್ಯದ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಅಧ್ಯಯನದ ಆಶಯ. ದೀಪಾವಳಿ ವಿಶೇಷಾಂಕದವರು ಪ್ರಬಂಧ ಕೇಳಿದರೆ ಚಿಕ್ಕಮ್ಮನ ಬಗ್ಗೆ ಎಷ್ಟು ಬರೆಯಬಹುದು ಎಂದೂ ಇದನ್ನೇ ಕೇಳಬಹುದಿತ್ತು. ಹಾಗೆ ಕೇಳಿದವರನ್ನು ವಿಚಾರ ಸಂಕಿರಣಕ್ಕೆ ಕರೆಯುವುದಿಲ್ಲ.

ಬಂಧುಗಳಲ್ಲಿ ಮೂರು ಪ್ರಭೇದ: ಸಮ್ಮತ-ಬಂಧು, ಅಸಮ್ಮತ-ಬಂಧು, ದಿವಂಗತ-ಬಂಧು. ಮೊದಲನೆಯದಕ್ಕೆ ಉದಾಹರಣೆ ದೊರೆತಿಲ್ಲ. ಮೂರನೆಯವರು ಪ್ರಬಂಧಕಾರರಿಗೆ ಅತ್ಯಂತ ಪ್ರಿಯರು, ಏಕೆಂದರೆ ಫೋನು ಮಾಡಿ ಜಗಳ ತೆಗೆಯುವುದಿಲ್ಲ. ಉಳಿದವರು ಎರಡನೆಯವರು, ಅಂದರೆ ನಾವೆಲ್ಲ.

ಹಿರಿಯ ಪ್ರಬಂಧಕಾರರೊಬ್ಬರ ಕೃತಿಯನ್ನು ಆಕರವಾಗಿ ಇಟ್ಟುಕೊಳ್ಳೋಣ. ಅವರು ನನ್ನ ಸ್ವಂತ ಅಣ್ಣ ಎಂಬುದು ಇಲ್ಲಿ ಅಪ್ರಸ್ತುತ. ಮದುವೆಯಾದ ಮೂರೇ ತಿಂಗಳಿಗೆ ತವರಿಗೆ ಮರಳಿ, ಟೈಲರಿಂಗ್ ಮೆಷಿನ್ನಿನ ಮೇಲೆ ಬದುಕು ಕಟ್ಟಿಕೊಂಡ ಚಿಕ್ಕಮ್ಮನ ಕುರಿತು ಅವರೊಂದು ಪ್ರಬಂಧ ಬರೆದರು. ಗೋಪ್ಯತೆಯ ದೃಷ್ಟಿಯಿಂದ 'ನಾಮಾಂತರ ತಂತ್ರ'ವನ್ನು ಬಳಸಿ ಅವಳ ಹೆಸರನ್ನೂ ಊರನ್ನೂ ಬದಲಿಸಿದರು. ಈ ತಂತ್ರದಿಂದ ಯಾರಿಂದ ಯಾರನ್ನು ಬಚ್ಚಿಟ್ಟಂತಾಯಿತು ಎಂದು ಸಂಶೋಧಿಸಿದಾಗ ಹೊರಬಿದ್ದ ಫಲಿತ ಹೀಗಿದೆ: ರಾಯಚೂರಿನ ಅಪರಿಚಿತ ಓದುಗನಿಗೆ ನಿಜವಾದ ಹೆಸರು ಹೇಳಿದ್ದರೂ ಅವಳು ಯಾರೋ ಒಬ್ಬಳೇ. ನಮ್ಮ ಬೀಗರಿಗೆ ಹೆಸರೇ ಬೇಕಿಲ್ಲ. ಇಂಥ ಲೇಖಕನ ಚಿಕ್ಕಮ್ಮ, ಮನೆಯಲ್ಲಿ ಮೆಷಿನ್ನು, ಅಷ್ಟು ಸಾಕು. ಆ ಲೇಖಕನಿಗೆ ಇರುವುದು ಒಬ್ಬಳೇ ಚಿಕ್ಕಮ್ಮ. ಮೆಷಿನ್ನನ್ನೂ ಮೂರು ತಿಂಗಳನ್ನೂ ತೆಗೆದರೆ ಅವಳು ಉಳಿದುಕೊಳ್ಳುತ್ತಿದ್ದಳು, ಪ್ರಬಂಧ ಉಳಿಯುತ್ತಿರಲಿಲ್ಲ.

ಇನ್ನು ಮಾಹಿತಿಯ ವರ್ಗೀಕರಣ. ಊರಿಗೆಲ್ಲ ಗೊತ್ತಿರುವುದು ಬಹಿರ್-ವೃತ್ತ, ಮನೆಯೊಳಗೆ ಮಾತ್ರ ಗೊತ್ತಿರುವುದು ಅಂತರ್-ವೃತ್ತ, ಇವೆರಡರ ನಡುವೆ ಅರೆ-ವೃತ್ತ, ಅದರಲ್ಲೂ ನಾಲ್ಕು ಉಪವೃತ್ತ... ಇರಲಿ ಬಿಡಿ. ಅಣ್ಣ ಹೆದರಿದ್ದು ಗಂಡನ ಮನೆ ಬಿಟ್ಟ ವಿಷಯಕ್ಕೆ. ಅಲ್ಲಿ ವಾಕ್ಯಗಳನ್ನು ತಿದ್ದಿ ತಿದ್ದಿ ಮೃದು ಮಾಡಿದ್ದ. ಚಿಕ್ಕಮ್ಮ ಆ ಪುಟವನ್ನು ಸುಮ್ಮನೆ ತಿರುವಿ ಹಾಕಿದಳು. ನಲವತ್ತು ವರ್ಷ ಊರಿನ ಬಾಯಲ್ಲಿ ಸವೆದುಹೋದ ಸಂಗತಿ ಅದು. ಅವಳು ನಿಂತದ್ದು ಮದುವೆಮನೆಗಳಿಂದ ಉಳಿದ ಅನ್ನವನ್ನು ಸೆರಗಿನ ಮರೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು ಎಂಬ ಸಾಲಿನಲ್ಲಿ. ಅಣ್ಣ ಅದನ್ನು ಅತ್ಯಂತ ಪ್ರೀತಿಯಿಂದ ಬರೆದಿದ್ದ. ವಿಮರ್ಶಕರೊಬ್ಬರು ಅದನ್ನು 'ಹಸಿವಿನ ಆತ್ಯಂತಿಕ ರೂಪಕ' ಎಂದು ಕರೆದರು. ಚಿಕ್ಕಮ್ಮ ಅಂದಿನಿಂದ ಮದುವೆಗಳಿಗೆ ಹೋಗುವುದನ್ನು ಬಿಟ್ಟಿದ್ದಾಳೆ. (ಗಂಟಿನಲ್ಲಿದ್ದದ್ದು ಅನ್ನವಲ್ಲ, ಬೇರೆ. ಅದನ್ನು ಬದಲಿಸಬೇಕೆಂಬ ಷರತ್ತಿನ ಮೇಲೆ ನನಗೆ ಒಪ್ಪಿಗೆ ಸಿಕ್ಕಿದೆ.)

ಪ್ರೀತಿಯಿಂದ ಬರೆದೆ ಎಂಬುದು ಈ ಕ್ಷೇತ್ರದ ಮೂಲ ಪ್ರಮೇಯ. ದುರದೃಷ್ಟವಶಾತ್, ಆಟೋ ಶಂಕರ್ ಎಂಬ ಮರಣದಂಡನೆಯ ಕೈದಿಯ ಆತ್ಮಕಥೆಯ ಪ್ರಕಟಣೆ ಕುರಿತ 1994ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಾಸಗಿತನದಲ್ಲಿ ಸಂಸಾರ, ಮದುವೆ, ತಾಯ್ತನಗಳೂ ಸೇರಿವೆ ಎಂದಿತು. ಸಾರ್ವಜನಿಕ ದಾಖಲೆಯಲ್ಲಿಲ್ಲದ ಇಂಥ ಸಂಗತಿಯನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ. ಅದು ನಿಜವೋ ಸುಳ್ಳೋ, ಹೊಗಳಿಕೆಯೋ ತೆಗಳಿಕೆಯೋ ಎಂಬುದು ಮುಖ್ಯವಲ್ಲ. ಹೊಗಳಿಕೆಯನ್ನೂ ಸೇರಿಸಿದ ನ್ಯಾಯಮೂರ್ತಿಗಳಿಗೆ ಲಲಿತ ಪ್ರಬಂಧಗಳ ಪರಿಚಯವಿತ್ತೇ ಎಂಬುದು ಸಂಶೋಧನಾರ್ಹ. ಚಿಕ್ಕಮ್ಮನಂಥವರು ಕೋರ್ಟಿಗೆ ಹೋಗುವುದಿಲ್ಲ. ಅದು ಪ್ರಬಂಧಕಾರರಿಗೆ ಗೊತ್ತು.

ಪ್ರತಿ-ಪಠ್ಯದ ಸಾಧ್ಯತೆಯೂ ಉಂಟು. ಲಂಕೇಶರು 'ಹುಳಿಮಾವಿನ ಮರ' ಬರೆದರು. ಮುಂದೆ ಇಂದಿರಾ ಲಂಕೇಶ್ 'ಹುಳಿಮಾವು ಮತ್ತು ನಾನು' ಬರೆದರು. ಹೀಗೆ ಮರದ ಕೆಳಗೆ ನಿಂತವರೂ ಪುಸ್ತಕ ಬರೆಯಬಲ್ಲ ಮನೆಗಳು ಎಷ್ಟಿವೆ? ನಮ್ಮ ಮನೆಯಲ್ಲಿ ಪೆನ್ನು ಒಬ್ಬನ ಕೈಯಲ್ಲಿದೆ. ಅವನ ಪುಸ್ತಕ ಬಿಡುಗಡೆಯ ದಿನ ವೇದಿಕೆಯ ಮೇಲಿನವರೆಲ್ಲ 'ನಿರ್ಭೀತ ಪ್ರಾಮಾಣಿಕತೆ' ಎಂದರು. ಯಾರ ಭೀತಿ, ಸ್ವಾಮಿ? ಶಾಲು, ಹಾರ, ಹಣ್ಣಿನ ಬುಟ್ಟಿ ಅವನಿಗೆ. ನೆರೆಮನೆಯವರ ಆ ಒಂದು ಥರದ ನೋಟ ಅವಳಿಗೆ. ತನ್ನ ಬಗ್ಗೆ ಬರೆದದ್ದರಲ್ಲಿ ಅವನು ಒಪ್ಪಿಕೊಂಡ ದೊಡ್ಡ ದೋಷವೆಂದರೆ ಅತಿಯಾಗಿ ಓದುವುದು.

ನಾನು ಚಿಕ್ಕಮ್ಮನನ್ನು ಕೇಳಿದೆ, ಏನು ಬರೆದಿದ್ದರೆ ಸರಿಯಿತ್ತು ಅಂತ. "ಬರೆಯೋದಾದ್ರೆ, ಅವನ ಕಾಲೇಜು ಫೀಜು ನಾನು ಕಟ್ಟಿದ್ದು ಬರೀಬೋದಿತ್ತಲ್ವೇನೋ. ರವಿಕೆ ಹೊಲಿದು ಹೊಲಿದು ಕಟ್ಟಿದ್ದು. ಅದನ್ನ ಯಾರು ಓದಿದ್ರೂ ನಂಗೇನೂ ಬೇಜಾರಿರ್ಲಿಲ್ಲ" ಅಂದಳು.

ಅಣ್ಣನಿಗೆ ತಿಳಿಸಿದೆ. ಮೊದಲ ಕರಡಿನಲ್ಲಿ ಅದು ಇತ್ತಂತೆ. ಪ್ರಬಂಧದ ಲಯಕ್ಕೆ ಹೊಂದಲಿಲ್ಲ ಅಂತ ತೆಗೆದನಂತೆ.