1 ಮತ್ತು 3 ಮಾತ್ರ

ಜಿಲ್ಲೆ ಆಳುವ ಅಧಿಕಾರಿಯನ್ನು ಆರಿಸುವ ಪರೀಕ್ಷೆಯಲ್ಲಿ ನೇರವಾಗಿ ಪ್ರಶ್ನೆ ಕೇಳುವುದು ಪರೀಕ್ಷೆಯ ಘನತೆಗೆ ಕುಂದು ಎಂದು ಯಾವತ್ತೋ ತೀರ್ಮಾನವಾಗಿಬಿಟ್ಟಿದೆ. ಶರಾವತಿ ಯಾವ ಸಮುದ್ರ ಸೇರುತ್ತದೆ ಅಂತ ಕೇಳಿದರೆ ಹೊನ್ನಾವರದಲ್ಲಿ ಬಲೆ ಒಣಗಿಸುವವನೂ ಉತ್ತರ ಹೇಳಿಯಾನು. ಹಾಗೆ ಎಲ್ಲರೂ ಹೇಳಿಬಿಟ್ಟರೆ ಆಯೋಗ ಯಾಕೆ ಬೇಕು? ಆದ್ದರಿಂದ ಶರಾವತಿಯ ಜೊತೆಗೆ ಇನ್ನೆರಡು ನದಿಗಳನ್ನು ಒಂದೇ ಚೀಲಕ್ಕೆ ತುಂಬಿ, ಬಾಯಿಗೆ ದಾರ ಕಟ್ಟಿ, ಈ ಚೀಲದಲ್ಲಿ ಎಷ್ಟನೇ ಮತ್ತು ಎಷ್ಟನೇ ನದಿ ಸರಿ ಹರಿಯುತ್ತಿದೆ ಹೇಳು ಎನ್ನಲಾಗುತ್ತದೆ. ಇದಕ್ಕೆ ‘ವಿಶ್ಲೇಷಣಾ ಸಾಮರ್ಥ್ಯದ ಪರೀಕ್ಷೆ’ ಅಂತ ಹೆಸರು.

ಲೆಕ್ಕ ಗೊತ್ತಿಲ್ಲದವರಿಗೆ ಒಂದಿಷ್ಟು ವಿವರ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ 100 ಪ್ರಶ್ನೆ, 2 ಗಂಟೆ, ಪ್ರಶ್ನೆಗೆ 2 ಅಂಕ. ತಪ್ಪಿದರೆ ಆ 2 ಅಂಕದ ಮೂರನೇ ಒಂದು ಪಾಲು ಕಡಿತ. ಈ ಮೂರನೇ ಒಂದು ಪಾಲನ್ನು ಯಾರೋ ಬುದ್ಧಿವಂತರು ಕೂತು ಲೆಕ್ಕ ಹಾಕಿದ್ದಾರೆ. ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಗೋಲ ತುಂಬಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಎರಡು ಅಂಕ ಬಂತು, ಎರಡು ಅಂಕ ಹೋಯಿತು, ಕೈಗೆ ಸೊನ್ನೆ. ಏನೂ ಓದದವನಿಗೆ ಏನೂ ಸಿಗಬಾರದು. ಇಲ್ಲಿಯವರೆಗೆ ನ್ಯಾಯ ನ್ಯಾಯವಾಗಿಯೇ ಇದೆ. ತೊಂದರೆ ಶುರುವಾಗುವುದು ಸ್ವಲ್ಪ ಓದಿದವನಿಂದ.

ಈ ಪ್ರಶ್ನೆ ನೋಡಿ. ನಾನೇ ಮಾಡಿದ್ದು, ಯಾವ ಆಯೋಗದ ತಪ್ಪೂ ಇಲ್ಲ.

ಈ ಕೆಳಗಿನ ಹೇಳಿಕೆಗಳನ್ನು ಪರಿಗಣಿಸಿ:
1. ತುಂಗಭದ್ರಾ ಕೃಷ್ಣೆಯ ಉಪನದಿ.
2. ಕಬಿನಿ ಕಾವೇರಿಯ ಉಪನದಿ.
3. ಶರಾವತಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.
ಮೇಲಿನವುಗಳಲ್ಲಿ ಯಾವುದು/ಯಾವುವು ಸರಿ?
(ಎ) 1 ಮಾತ್ರ
(ಬಿ) 2 ಮತ್ತು 3 ಮಾತ್ರ
(ಸಿ) 1 ಮತ್ತು 2 ಮಾತ್ರ
(ಡಿ) 1, 2 ಮತ್ತು 3

ಹೊನ್ನಾವರದ ಹುಡುಗನೊಬ್ಬ ಕೂತಿದ್ದಾನೆ ಅಂದುಕೊಳ್ಳಿ. ಅವನಿಗೆ ಶರಾವತಿ ಬಿಟ್ಟರೆ ಬೇರೆ ನದಿಯೇ ಗೊತ್ತಿಲ್ಲ. ಮೂರನೆಯದು ಸುಳ್ಳು ಅಂತ ಗೊತ್ತಾದ ಕೂಡಲೇ ‘ಬಿ’ಯೂ ಹೋಯಿತು, ‘ಡಿ’ಯೂ ಹೋಯಿತು. ಉಳಿದ ಎರಡರಲ್ಲೂ 1 ಇದೆ. ಅಂದರೆ ತುಂಗಭದ್ರೆಯ ವಿಷಯವನ್ನು ಅವನು ಓದುವುದೇ ಬೇಡ, ಅದು ಸರಿ ಎಂದು ಆಯ್ಕೆಗಳೇ ಸಾಕ್ಷಿ ಹೇಳುತ್ತಿವೆ. ಉಳಿದದ್ದು ಕಬಿನಿ ಒಂದೇ. ಗೊತ್ತಿಲ್ಲವೇ? ನಾಣ್ಯ ಚಿಮ್ಮಲಿ. ಎರಡರಲ್ಲಿ ಒಂದು ಹೊಡೆದರೆ ಸರಾಸರಿ ಲಾಭ ಮುಕ್ಕಾಲು ಅಂಕಕ್ಕೆ ಸ್ವಲ್ಪ ಕಡಿಮೆ.

ಪಕ್ಕದ ಬೆಂಚಿನಲ್ಲಿ ಹರಿಹರದ ಹುಡುಗಿ. ತುಂಗಭದ್ರೆಯಲ್ಲಿ ಈಜಿ ಬೆಳೆದವಳು, ಅದರ ಹರಿವು, ಸಂಗಮ, ಅಣೆಕಟ್ಟು ಎಲ್ಲ ಬಾಯಿಪಾಠ. ಅಷ್ಟು ಗೊತ್ತಿದ್ದು ಏನು ಬಂತು? ‘ಬಿ’ ಒಂದನ್ನೇ ಹೊಡೆದುಹಾಕಬಹುದು, ಇನ್ನೂ ಮೂರು ಉಳಿದಿವೆ. ಅವನಿಗೂ ಒಂದೇ ನದಿ ಗೊತ್ತು, ಅವಳಿಗೂ ಒಂದೇ ನದಿ. ಆದರೆ ಆಯೋಗದ ಮಾರುಕಟ್ಟೆಯಲ್ಲಿ ಶರಾವತಿಗೆ ಒಂದು ರೇಟು, ತುಂಗಭದ್ರೆಗೆ ಇನ್ನೊಂದು.

ಹಿಂದಿನ ಸಾಲಿನಲ್ಲಿ ಮೈಸೂರಿನ ಕಡೆಯವನೊಬ್ಬ ಇದ್ದಾನೆ, ಪಾಪ. ತಿರುಮಕೂಡಲು ನರಸೀಪುರಕ್ಕೆ ಹೋಗಿ ಕಬಿನಿ ಕಾವೇರಿಗೆ ಕೂಡುವುದನ್ನು ಕಣ್ಣಾರೆ ನೋಡಿದವನು. ತುಂಗಭದ್ರೆಯೂ ಗೊತ್ತು. ಮೂರರಲ್ಲಿ ಎರಡು ಖಚಿತ, ಶರಾವತಿ ಒಂದೇ ಅನುಮಾನ. ಅವನ ಮುಂದೆ ‘ಸಿ’ ಮತ್ತು ‘ಡಿ’ ಉಳಿದಿವೆ. ಎರಡು ನದಿ ತಿಳಿದವನೂ ಒಂದೇ ನದಿ ತಿಳಿದವನೂ ಕೊನೆಗೆ ಅದೇ ನಾಣ್ಯ ಹಿಡಿದುಕೊಂಡು ಕೂತರು. ನಾಣ್ಯ ತಿರುಗಿ ಬಿದ್ದರೆ ಮೈಸೂರಿನವನಿಗೆ ಮೈನಸ್, ಹೊನ್ನಾವರದವನಿಗೆ ಪೂರ್ತಿ ಎರಡು. ಅರ್ಧ ಗೊತ್ತಿದ್ದರೆ ಅರ್ಧ ಅಂಕ ಎಂಬ ಮಾತು ಕಾಲುವೆ ದಾಟಿ ಈ ಕಡೆ ಬಂದೇ ಇಲ್ಲ.

ಇನ್ನು ನಾಲ್ಕನೆಯವನು. ಇವನಿಗೆ ಯಾವ ನದಿಯೂ ಗೊತ್ತಿಲ್ಲ, ನೀರಿನ ಪರಿಚಯ ಬಾಟಲಿಯಲ್ಲಿ. ಆದರೆ ಒಳ್ಳೆಯ ಕೋಚಿಂಗ್‌ಗೆ ಹೋಗಿದ್ದಾನೆ. ಅವನು ಹೇಳಿಕೆಗಳನ್ನು ಓದುವುದಿಲ್ಲ, ಆಯ್ಕೆಗಳನ್ನು ಎಣಿಸುತ್ತಾನೆ. 1 ಎಷ್ಟು ಸಲ ಬಂದಿದೆ? ಮೂರು. 2? ಮೂರು. 3? ಎರಡೇ ಸಲ. ಹೆಚ್ಚು ಸಲ ಬಂದವು ಸರಿ, ಕಡಿಮೆ ಬಂದದ್ದು ಸುಳ್ಳು. ‘ಸಿ’ ಗೋಲ ತುಂಬಿದ, ಮುಂದಿನ ಪ್ರಶ್ನೆಗೆ ಹೋದ. ಹತ್ತು ಸೆಕೆಂಡ್ ಸಾಕು.

ಇದು ಮಂತ್ರ ಅಲ್ಲ, ಕಾರಣ ಇದೆ. ಪ್ರಶ್ನೆ ತೆಗೆಯುವ ಮೇಷ್ಟ್ರು ಮೊದಲು ಸರಿಯುತ್ತರ ಬರೆದಿಡುತ್ತಾರೆ, ‘1 ಮತ್ತು 2’. ಆಮೇಲೆ ದಿಕ್ಕು ತಪ್ಪಿಸುವ ಆಯ್ಕೆಗಳು ಬೇಕಲ್ಲ? ಸರಿಯುತ್ತರದಿಂದ ಒಂದನ್ನು ತೆಗೆದರೆ ‘1 ಮಾತ್ರ’, ಒಂದನ್ನು ಸೇರಿಸಿದರೆ ‘1, 2 ಮತ್ತು 3’. ಹೀಗೆ ಸತ್ಯದ ಸುತ್ತಲೂ ಅದರ ಅಣ್ಣತಮ್ಮಂದಿರೇ ಕೂರುತ್ತಾರೆ, ಮುಖ ನೋಡಿದರೆ ಯಾರ ಮನೆಯವರು ಅಂತ ಗೊತ್ತಾಗಿಬಿಡುತ್ತದೆ. ಮೂರು ಹೇಳಿಕೆಗಳನ್ನು ಕೂಡಿಸಿ ಕಳೆದರೆ, ಯಾವುದೂ ಸರಿಯಿಲ್ಲ ಎಂಬುದೂ ಸೇರಿ, ಎಂಟು ಸಾಧ್ಯತೆ. ಪತ್ರಿಕೆಯಲ್ಲಿ ಜಾಗ ನಾಲ್ಕಕ್ಕೆ ಮಾತ್ರ. ಬಿಟ್ಟ ನಾಲ್ಕು ಯಾವುವು ಎಂಬುದೇ ಒಂದು ದೊಡ್ಡ ಸುಳಿವು. ಎಚ್ಚರದ ಮೇಷ್ಟ್ರು ಇದನ್ನು ತಿಳಿದು, ಬೇಕೆಂದೇ ಸುಳ್ಳು ಹೇಳಿಕೆಯನ್ನು ಮೂರು ಸಲ ಹಾಕುತ್ತಾರೆ. ಅವರು ಹಾಗೆ ಹಾಕುತ್ತಾರೆ ಎಂದು ತಿಳಿದ ಕೋಚಿಂಗಿನವರು ಅದಕ್ಕೂ ಒಂದು ವೀಕೆಂಡ್ ಬ್ಯಾಚ್ ತೆರೆಯುತ್ತಾರೆ. ಧಾರವಾಡದ ಓದುಕೋಣೆಗಳಲ್ಲಿ ಬೆಳಗಿನ ಜಾವಕ್ಕೇ ಹೋಗಿ ಕುರ್ಚಿ ಹಿಡಿಯುವ ಹುಡುಗರ ಟಿಪ್ಪಣಿ ಪುಸ್ತಕ ತೆಗೆದು ನೋಡಿ. ಭೂಗೋಳ ಒಂದು ಕಡೆ, ಮೇಷ್ಟ್ರ ಮನಸ್ಸಿನ ಭೂಗೋಳ ಇನ್ನೊಂದು ಕಡೆ. ‘ಎಲ್ಲ’, ‘ಕೇವಲ’, ‘ಯಾವಾಗಲೂ’ ಎಂದಿರುವ ಹೇಳಿಕೆ ಸುಳ್ಳು, ‘ಸಾಮಾನ್ಯವಾಗಿ’, ‘ಆಗಬಹುದು’ ಎಂದಿರುವುದು ಸರಿ. ಎರಡನೆಯದಕ್ಕೆ ಕೆಂಪು ಇಂಕಿನ ಅಡಿಗೆರೆ.

ಈ ಕಲೆ ನಮ್ಮದೇ ಅಂತ ಬೀಗುವಂತಿಲ್ಲ. ಅಮೆರಿಕದಲ್ಲಿ ವೈದ್ಯರಿಗೆ ಪರೀಕ್ಷೆ ನಡೆಸುವ ನ್ಯಾಷನಲ್ ಬೋರ್ಡ್ ಆಫ್ ಮೆಡಿಕಲ್ ಎಕ್ಸಾಮಿನರ್ಸ್ ಬಹುಕಾಲ ಇಂಥದ್ದನ್ನೇ ಬಳಸಿತು. ಅದಕ್ಕೆ ‘ಕೆ ಟೈಪ್’ ಎಂದು ಹೆಸರು. ನಾಲ್ಕು ಹೇಳಿಕೆ, ಐದು ಆಯ್ಕೆ. ಆ ಐದೂ ಪ್ರತಿ ಪ್ರಶ್ನೆಗೂ ಒಂದೇ: 1, 2, 3 ಸರಿಯಿದ್ದರೆ ‘ಎ’, 1 ಮತ್ತು 3 ಮಾತ್ರ ಆದರೆ ‘ಬಿ’, 2 ಮತ್ತು 4 ಮಾತ್ರ ಆದರೆ ‘ಸಿ’, 4 ಮಾತ್ರ ಆದರೆ ‘ಡಿ’, ನಾಲ್ಕೂ ಸರಿಯಾದರೆ ‘ಇ’. ಇನ್ನೊಂದು ಸಲ ನಿಧಾನವಾಗಿ ಓದಿ. 1 ಎಲ್ಲಿದೆಯೋ ಅಲ್ಲೆಲ್ಲ 3 ಇದೆ. 1 ಇಲ್ಲದ ಕಡೆ 3 ಕೂಡ ಇಲ್ಲ. ಸಪ್ತಪದಿ ತುಳಿದ ಗಂಡಹೆಂಡಿರೂ ಇಷ್ಟು ಬಿಗಿಯಾಗಿ ಬಾಳಿದ್ದನ್ನು ನಾನು ಕಂಡಿಲ್ಲ. ಜ್ವರದ ಬಗ್ಗೆ ಮೊದಲನೆಯ ಹೇಳಿಕೆ ಗೊತ್ತಿದ್ದ ವೈದ್ಯನಿಗೆ ಮೂರನೆಯದು ಉಡುಗೊರೆ. ಮೊದಲನೆಯದು ಸುಳ್ಳು ಅಂತ ಗೊತ್ತಾದರಂತೂ ಮೂರನೆಯದು ಸುಳ್ಳು, ನಾಲ್ಕನೆಯದು ಸತ್ಯ, ಎರಡೂ ಪುಕ್ಕಟೆ. ಎರಡನೆಯದಕ್ಕೆ ಮಾತ್ರ ರೋಗಿಯ ಕಡೆ ನೋಡಬೇಕು. ಕೊನೆಗೆ ಬೋರ್ಡ್ ಈ ನಮೂನೆಯನ್ನು ಕೈಬಿಟ್ಟಿತು. ಪ್ರಶ್ನೆ ರಚನೆಯ ನಿಯಮಗಳನ್ನು 2002ರಲ್ಲಿ ಒಟ್ಟುಗೂಡಿಸಿ ವಿಮರ್ಶಿಸಿದ ಹಾಲಡೈನಾ, ಡೌನಿಂಗ್ ಮತ್ತು ರಾಡ್ರಿಗಸ್ ಕೂಡ ಇದರ ಸಹವಾಸ ಬೇಡ ಎಂದೇ ಬರೆದರು. ಅಮೆರಿಕದವರು ಬೇಡವೆಂದು ಕೆಳಗಿಟ್ಟದ್ದನ್ನು ನಾವು ತಲೆಯ ಮೇಲಿಟ್ಟುಕೊಂಡು ಮೆರೆಸಿದ್ದೇವೆ.

ಹಾಗಂತ ನಮ್ಮವರು ಸುಮ್ಮನೆ ಕೂತಿಲ್ಲ. 2023ರ ಪ್ರಿಲಿಮ್ಸ್‌ನಲ್ಲಿ ಯುಪಿಎಸ್‌ಸಿ ಈ ಎಣಿಕೆ ಶಾಸ್ತ್ರಿಗಳ ಹುಟ್ಟಡಗಿಸಲು ಹೊರಟಿತು. ಯಾವ ಹೇಳಿಕೆ ಸರಿ ಎಂದು ಕೇಳುವುದನ್ನು ಬಹಳ ಪ್ರಶ್ನೆಗಳಲ್ಲಿ ಬಿಟ್ಟು, ಎಷ್ಟು ಹೇಳಿಕೆ ಸರಿ ಎಂದು ಕೇಳಿತು. ಒಂದು ಮಾತ್ರ, ಎರಡು ಮಾತ್ರ, ಮೂರೂ ಸರಿ, ಯಾವುದೂ ಅಲ್ಲ. ಈಗ ಹೊನ್ನಾವರದವನ ಶರಾವತಿಯ ಬೆಲೆಯೂ ಇಳಿಯಿತು: ‘ಮೂರೂ ಸರಿ’ ಒಂದು ಹೋಯಿತು, ಇನ್ನು ಮೂರು ಉಳಿದಿವೆ. ಸಾಮಾನ್ಯ ವರ್ಗದ ಕಟಾಫ್ 2022ರಲ್ಲಿ 200ಕ್ಕೆ 88.22 ಇದ್ದದ್ದು 75.41ಕ್ಕೆ ಇಳಿಯಿತು. ಅದಕ್ಕೆ ಪತ್ರಿಕೆಯ ಬೇರೆ ಕಷ್ಟಗಳೂ ಕಾರಣ ಇರಬಹುದು, ಆದರೆ ಕೋಚಿಂಗ್ ಓಣಿಗಳಲ್ಲಿ ಆ ವಾರ ಸೂತಕದ ಕಳೆಯಿತ್ತು.

ಕಳ್ಳ ಬರುವ ಕಿಟಕಿ ಮುಚ್ಚಿದರು, ಸರಿ. ಆದರೆ ಗೋಡೆಯನ್ನೇ ಒಡೆದು ಆ ಕಲ್ಲಿನಿಂದ ಮುಚ್ಚಿದರು. ನಮ್ಮ ನದಿಗಳನ್ನೇ ಈ ಹೊಸ ನಮೂನೆಗೆ ಹಾಕಿ ನೋಡಿ. ಸರಿಯಾದವು 1 ಮತ್ತು 2, ಆದ್ದರಿಂದ ಉತ್ತರ ‘ಎರಡು ಮಾತ್ರ’. ಒಬ್ಬ ಮಹಾನುಭಾವ ಕಬಿನಿಗೂ ಕಾವೇರಿಗೂ ಸಂಬಂಧವೇ ಇಲ್ಲ, ಶರಾವತಿ ಮಾತ್ರ ಘಟ್ಟ ಹತ್ತಿ ಇಳಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ ಎಂದು ನಂಬಿದ್ದಾನೆ. ಅವನ ಪ್ರಕಾರ ಸರಿಯಾದವು 1 ಮತ್ತು 3. ಎಷ್ಟಾಯಿತು? ಎರಡು. ಪೂರ್ತಿ ಎರಡು ಅಂಕ, ಸ್ವೀಕರಿಸಿ. ಮೈಸೂರಿನವನು ಎರಡನ್ನು ಸರಿಯಾಗಿ ತಿಳಿದು ಶರಾವತಿಯಲ್ಲಿ ಮಾತ್ರ ಎಡವಿದ, ‘ಮೂರೂ ಸರಿ’ ಎಂದ. ಅವನಿಗೆ ಮೈನಸ್. ಒಂದು ತಪ್ಪು ಮಾಡಿದವನಿಗೆ ದಂಡ, ಜೋಡಿ ತಪ್ಪು ಮಾಡಿದವನಿಗೆ ಬಹುಮಾನ.

ಇದರಲ್ಲಿ ಇನ್ನೊಂದು ಸೊಗಸಿದೆ. ಹಳೆಯ ನಮೂನೆಯಲ್ಲಿ ಕೀ ಉತ್ತರ ನೋಡಿದರೆ ಯಾವ ಹೇಳಿಕೆಯನ್ನು ಆಯೋಗ ಸುಳ್ಳು ಎನ್ನುತ್ತಿದೆ ಎಂದಾದರೂ ತಿಳಿಯುತ್ತಿತ್ತು, ಪುಸ್ತಕ ತೆಗೆದು ಜಗಳ ಮಾಡಬಹುದಿತ್ತು. ಹೊಸದರಲ್ಲಿ ‘ಎರಡು ಮಾತ್ರ’ ಎಂದಷ್ಟೇ ಬರುತ್ತದೆ. ಯಾವ ಎರಡು? ಅದು ಗೋಪ್ಯ. ಜಗಳಕ್ಕೆ ಹೊರಟವನು ಯಾವುದರ ವಿರುದ್ಧ ವಾದಿಸುತ್ತಿದ್ದೇನೆಂದು ಮೊದಲು ಊಹಿಸಬೇಕು, ಆ ಊಹೆಗೆ ಸದ್ಯಕ್ಕೆ ನೆಗೆಟಿವ್ ಮಾರ್ಕಿಂಗ್ ಇಲ್ಲ.

ಇಷ್ಟೆಲ್ಲ ದಾಟಿ ನಮ್ಮ ನಾಲ್ಕನೆಯ ಹುಡುಗ ಪಾಸಾದ, ಮೇನ್ಸ್ ಮುಗಿಸಿದ, ಸಂದರ್ಶನದಲ್ಲಿ ನಕ್ಕ, ಅಧಿಕಾರಿಯಾದ ಎನ್ನೋಣ. ಮೇಜಿನ ಮೇಲೆ ಮೊದಲ ಕಡತ ಬಂದಿದೆ. 1. ಕೆರೆಯ ಹೂಳು ತೆಗೆಯಲಾಗಿದೆ. 2. ಬಿಲ್ ಪಾವತಿಯಾಗಿದೆ. 3. ಸದರಿ ಜಾಗದಲ್ಲಿ ಕೆರೆ ಇದೆ. ಸಾಹೇಬರು ಅಭ್ಯಾಸ ಬಲದಿಂದ ಕಣ್ಣೆತ್ತಿ ಆಯ್ಕೆಗಳನ್ನು ಕೇಳುತ್ತಾರೆ. ಎದುರಿಗೆ ಕೈಕಟ್ಟಿ ನಿಂತ ಗುಮಾಸ್ತ ನಾಲ್ಕನ್ನೂ ಬರೆದೇ ತಂದಿದ್ದಾನೆ: 1 ಮತ್ತು 2 ಮಾತ್ರ, 2 ಮತ್ತು 3 ಮಾತ್ರ, 1 ಮತ್ತು 3 ಮಾತ್ರ, ಮೂರೂ ಸರಿ. ಊರಿನವರೆಲ್ಲ ಬಲ್ಲ ‘2 ಮಾತ್ರ’ ಆ ಪಟ್ಟಿಯಲ್ಲೇ ಇಲ್ಲ. ಸಾಹೇಬರು ಒಂದೊಂದು ಅಂಕೆ ಎಷ್ಟು ಸಲ ಬಂದಿದೆ ಎಂದು ಬೆರಳು ಮಡಿಸಿ ಎಣಿಸುತ್ತಾರೆ. ಮೂರೂ ಸಮಸಮವಾಗಿ ಮೂರು ಮೂರು ಸಲ ಬಂದಿವೆ.

“ಮೂರೂ ಸರಿ ಹಾಕಿ ಸಾರ್,” ಅನ್ನುತ್ತಾನೆ ಗುಮಾಸ್ತ, “ಹಿಂದಿನ ಸಾಹೇಬ್ರೂ ಅದನ್ನೇ ಹಾಕಿದ್ರು.”